26 ವಾರದ ಹೆರಿಗೆ ರಜೆ ಮುಗಿದ ಮೇಲೆ ಹಾಜರಾಗುವ ದಿನ ಯಾವುದು? ವಾರದ ರಜೆ, ಹಬ್ಬದ ರಜೆ ಅಂಟಿಕೊಂಡಾಗ ಲೆಕ್ಕ ಹಾಕುವ ಬಗೆ

ಹೆರಿಗೆ ರಜೆಯ ಅರ್ಜಿಯಲ್ಲಿ ತುಂಬಬೇಕಾದ ಮುಖ್ಯ ಜಾಗ ಎರಡೇ: ಯಾವತ್ತಿನಿಂದ, ಯಾವತ್ತಿನವರೆಗೆ. ಮೊದಲನೆಯದನ್ನು ಎಲ್ಲರೂ ಯೋಚಿಸಿ ಬರೆಯುತ್ತಾರೆ. ಎರಡನೆಯದನ್ನು ಹೆಚ್ಚಿನವರು ‘ಆರು ತಿಂಗಳು ಅಂದರೆ ಇಲ್ಲಿಗೆ’ ಎಂದು ಬೆರಳು ಮಡಚಿ ಬರೆದುಬಿಡುತ್ತಾರೆ. ಸಂಬಳ ಮತ್ತು ರಜೆಯ ಲೆಕ್ಕ ನೋಡುವ ಕೆಲಸದಲ್ಲಿರುವ ನನ್ನ ಮುಂದೆ ಬರುವ ಅರ್ಜಿಗಳಲ್ಲಿ ತಪ್ಪು ಕಾಣುವುದು ಹೆಚ್ಚಾಗಿ ಈ ಎರಡನೆಯ ಜಾಗದಲ್ಲೇ. ಒಂದು ದಿನ ಹೆಚ್ಚಾದರೆ ಆ ದಿನದ ಸಂಬಳ ಕಡಿತ, ಒಂದು ದಿನ ಕಡಿಮೆಯಾದರೆ ಸಿಗಬೇಕಾದ ರಜೆ ಸುಮ್ಮನೆ ಕೈಬಿಟ್ಟು ಹೋಗುತ್ತದೆ. ಅದರ ಮೇಲೆ ಶನಿವಾರ, ಭಾನುವಾರ, ಸರ್ಕಾರಿ ರಜೆ ತುದಿಗೆ ಬಂದು ಅಂಟಿಕೊಂಡರೆ ಎಚ್‌ಆರ್‌ನವರೂ ಒಮ್ಮೆ ತಲೆ ಕೆರೆದುಕೊಳ್ಳುತ್ತಾರೆ.

ಲೆಕ್ಕ ಕಷ್ಟದ್ದಲ್ಲ. ಆದರೆ ಅನುಕ್ರಮ ತಪ್ಪಬಾರದು. ಮೊದಲು ರಜೆಯನ್ನು ಪೂರ್ತಿ ಎಣಿಸಬೇಕು, ಆಮೇಲೆ ತುದಿಯಲ್ಲಿರುವ ರಜಾದಿನಗಳ ಕಡೆ ನೋಡಬೇಕು. ಇವೆರಡನ್ನೂ ಒಟ್ಟಿಗೆ ಮಾಡಲು ಹೋದರೆ ಗೊಂದಲ ಖಚಿತ.

ಮೊದಲು ತಿಳಿದಿರಬೇಕಾದದ್ದು: ವಾರ ಎಂದರೆ ಏಳು ದಿನ

26 ವಾರಗಳ ರಜೆ ಬಂದದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ. ಅದಕ್ಕೂ ಮುಂಚೆ 12 ವಾರ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೇ 26 ವಾರ ಮುಂದುವರಿದಿದೆ. ಕಾಯ್ದೆ ಹೇಳುವುದು ವಾರದ ಲೆಕ್ಕವನ್ನೇ, ತಿಂಗಳ ಲೆಕ್ಕವನ್ನಲ್ಲ, ಕೆಲಸದ ದಿನಗಳ ಲೆಕ್ಕವನ್ನಂತೂ ಅಲ್ಲವೇ ಅಲ್ಲ.

‘ವಾರ’ದಲ್ಲಿ ಭಾನುವಾರ ಸೇರುತ್ತದೆಯೇ ಎನ್ನುವ ಪ್ರಶ್ನೆ ಒಮ್ಮೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಕೊಯಮತ್ತೂರು ಕಡೆಯ ಒಂದು ಎಸ್ಟೇಟಿನಲ್ಲಿ ಆಡಳಿತದವರು ಹೆರಿಗೆ ಭತ್ಯೆಯನ್ನು ಆರು ದಿನದ ವಾರದಂತೆ ಎಣಿಸಿ, 12 ವಾರಕ್ಕೆ 72 ದಿನದ ಹಣ ಕೊಟ್ಟರು. ಕಾರ್ಮಿಕ ಮಹಿಳೆ 84 ದಿನದ್ದು ಕೊಡಿ ಎಂದು ಕೇಳಿದರು. ಬಿ. ಶಾ ಪ್ರಕರಣ ಎಂದು ಹೆಸರಾದ ಆ ವ್ಯಾಜ್ಯದಲ್ಲಿ 1977ರಲ್ಲಿ ಬಂದ ತೀರ್ಪು, ವಾರ ಎಂದರೆ ಭಾನುವಾರವೂ ಸೇರಿದ ಏಳು ದಿನ ಎಂದು ಹೇಳಿತು. ಆ ತೀರ್ಪು ಹಣದ ವಿಷಯದಲ್ಲಿ ಮಹಿಳೆಯ ಪರವಾಗಿತ್ತು. ಅದೇ ಅಳತೆಯನ್ನು ರಜೆಯ ಉದ್ದಕ್ಕೂ ಹಿಡಿಯಬೇಕು. ಭಾನುವಾರಕ್ಕೂ ಹಣ ಸಿಗುತ್ತದೆ, ಹಾಗಾಗಿ ಭಾನುವಾರವೂ ರಜೆಯೊಳಗೆ ಕಳೆದುಹೋಗುತ್ತದೆ. ಭಾನುವಾರದ ಹಣವನ್ನೂ ತೆಗೆದುಕೊಂಡು, ಆ ಭಾನುವಾರಗಳನ್ನು ಕೊನೆಗೆ ಬೇರೆಯಾಗಿ ಸೇರಿಸಿ ಎಂದು ಕೇಳಲು ಬರುವುದಿಲ್ಲ.

ಆದ್ದರಿಂದ 26ನ್ನು 7ರಿಂದ ಗುಣಿಸಿ: 182 ದಿನ. ರಜೆಯ ನಡುವೆ ಬರುವ ಎಲ್ಲ ಶನಿವಾರ, ಭಾನುವಾರ, ಯುಗಾದಿ, ಸ್ವಾತಂತ್ರ್ಯ ದಿನ, ಗಣೇಶನ ಹಬ್ಬ ಈ 182ರ ಒಳಗೇ. ನಡುವಿನ ಹಬ್ಬಗಳನ್ನು ಎಣಿಸುತ್ತಾ ಕೂರುವ ಅಗತ್ಯವೇ ಇಲ್ಲ. ನೋಡಬೇಕಾದದ್ದು ಎರಡು ತುದಿಗಳನ್ನು ಮಾತ್ರ.

‘ಆರು ತಿಂಗಳು’ ಎನ್ನುವ ಮಾತನ್ನು ಇಲ್ಲೇ ಬಿಟ್ಟುಬಿಡಿ. ಜನವರಿ 1ರಿಂದ ಜೂನ್ 30ರವರೆಗೆ ಎಣಿಸಿದರೆ ಸಾಮಾನ್ಯ ವರ್ಷದಲ್ಲಿ 181 ದಿನ; ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ 184. ಅಂದರೆ ಆರು ತಿಂಗಳ ಲೆಕ್ಕದಲ್ಲಿ ಒಬ್ಬರಿಗೆ ಒಂದು ದಿನ ಖೋತಾ, ಇನ್ನೊಬ್ಬರಿಗೆ ಎರಡು ದಿನ ಹೆಚ್ಚು.

ಹೆಜ್ಜೆ 1: ರಜೆಯ ಮೊದಲ ದಿನವನ್ನು ಗಟ್ಟಿಮಾಡಿಕೊಳ್ಳಿ

ಕೊನೆಯ ಬಾರಿ ಕೆಲಸ ಮಾಡಿದ ದಿನ ರಜೆಯ ಮೊದಲ ದಿನವಲ್ಲ. ರಜೆಯಲ್ಲಿ ಮೊದಲು ಎಣಿಕೆಗೆ ಬರುವ ದಿನವೇ 1ನೇ ದಿನ. ಕೇಳಲು ಸರಳ, ಆದರೆ ‘ಗುರುವಾರದಿಂದ ರಜೆ’ ಎಂದು ಬರೆದವರು ಗುರುವಾರ ಸಂಜೆವರೆಗೂ ಕೆಲಸ ಮಾಡಿ ಹೋಗಿರುವುದನ್ನು ನಾನು ಕಂಡಿದ್ದೇನೆ.

ಎಷ್ಟು ಮುಂಚೆ ಹೋಗಬಹುದು ಎನ್ನುವುದಕ್ಕೆ ಮಿತಿ ಇದೆ. 26 ವಾರದಲ್ಲಿ ಹೆರಿಗೆಯ ಅಂದಾಜು ದಿನಾಂಕಕ್ಕಿಂತ ಮುಂಚೆ ಬಳಸಬಹುದಾದದ್ದು ಹೆಚ್ಚೆಂದರೆ 8 ವಾರ. ವೈದ್ಯರು ಕೊಟ್ಟ ಅಂದಾಜು ದಿನಾಂಕದಿಂದ 56 ದಿನ ಹಿಂದಕ್ಕೆ ಎಣಿಸಿ. ಅದಕ್ಕಿಂತ ಮೊದಲು ಹೆರಿಗೆ ರಜೆ ಶುರುವಾಗದು. ಅದಕ್ಕೂ ಮುಂಚೆ ವಿಶ್ರಾಂತಿ ಬೇಕಾದರೆ ಬೇರೆ ರಜೆ ಹಾಕಬೇಕು. ಬದುಕಿರುವ ಇಬ್ಬರು ಅಥವಾ ಹೆಚ್ಚು ಮಕ್ಕಳಿರುವವರಿಗೆ ಒಟ್ಟು ರಜೆ 12 ವಾರ, ಅದರಲ್ಲಿ ಮುಂಚಿನ ಪಾಲು 6 ವಾರ. ಅವರು ಇಲ್ಲಿನ 182ರ ಜಾಗದಲ್ಲಿ 84 ಇಟ್ಟುಕೊಂಡರೆ ಉಳಿದ ವಿಧಾನ ಬದಲಾಗುವುದಿಲ್ಲ.

ರಜೆ ಶುರುವಾದ ಮೇಲೆ ಹೆರಿಗೆ ನಾಲ್ಕು ದಿನ ಹಿಂದೆ ಮುಂದೆ ಆದರೆ ಹಿಂದಿರುಗುವ ದಿನ ಬದಲಾಗುವುದಿಲ್ಲ. ಹೆರಿಗೆಗೆ ಮುಂಚೆ ಮತ್ತು ಆಮೇಲೆ ಹಂಚಿಹೋಗುವ ವಾರಗಳಷ್ಟೇ ಬದಲಾಗುತ್ತವೆ, ಒಟ್ಟು 182 ಹಾಗೆಯೇ ಇರುತ್ತದೆ.

ರಜೆ ಶುರುವಾಗುವ ಮುಂಚೆಯೇ ಹೆರಿಗೆಯಾದರೆ ಮಾತ್ರ ಕಥೆ ಬೇರೆ. 2026ರ ಮೇ 18, ಸೋಮವಾರದಿಂದ ರಜೆ ಎಂದು ಬರೆದುಕೊಟ್ಟಿದ್ದೀರಿ, ಮೇ 13ರ ಬುಧವಾರವೇ ಮಗು ಹುಟ್ಟಿತು ಎಂದಿಟ್ಟುಕೊಳ್ಳಿ. ಹೆರಿಗೆಯ ದಿನವೂ ರಜೆಯೊಳಗೆ ಸೇರುವುದರಿಂದ ಎಣಿಕೆ ಮೇ 13ರಿಂದ ಶುರು. ಮೊದಲ ಅರ್ಜಿಯ ಪ್ರಕಾರ ನವೆಂಬರ್ 16ಕ್ಕೆ ಹಾಜರಾಗಬೇಕಿತ್ತು, ಈಗ ನವೆಂಬರ್ 11ಕ್ಕೆ. ಹಳೆಯ ಅರ್ಜಿ ಕಡತದಲ್ಲಿ ಹಾಗೆಯೇ ಉಳಿದು, ಐದು ದಿನದ ವ್ಯತ್ಯಾಸ ಕೊನೆಯಲ್ಲಿ ಗೊತ್ತಾಗಿ ರಗಳೆ ಆಗುವುದುಂಟು. ಮನೆಯವರಲ್ಲಿ ಯಾರಾದರೂ ಆ ವಾರವೇ ಒಂದು ಇಮೇಲ್ ಹಾಕಿ ತಾರೀಖು ತಿದ್ದಿಸಿದರೆ ಸಾಕು. ಹೆರಿಗೆಯಾದ ದಿನವೇ ಅರ್ಧ ದಿನ ಕೆಲಸ ಮಾಡಿದ್ದರೆ, ಆ ದಿನವನ್ನು ಹಾಜರಿ ಎಂದು ಹಿಡಿದಿದ್ದಾರೋ ರಜೆಯ 1ನೇ ದಿನ ಎಂದು ಹಿಡಿದಿದ್ದಾರೋ ಎಂದೂ ಅದೇ ಇಮೇಲ್‌ನಲ್ಲಿ ಕೇಳಿಬಿಡಿ.

ಹೆಜ್ಜೆ 2: ವಾರದ ಹೆಸರನ್ನು ನೋಡಿ

182 ಸರಿಯಾಗಿ 26 ಪೂರ್ಣ ವಾರ. ಆದ್ದರಿಂದ ರಜೆ ಯಾವ ವಾರ ಶುರುವಾಯಿತೋ ಅದೇ ವಾರವೇ ಹಾಜರಾಗುವ ಸರದಿ ಬರುತ್ತದೆ. ಸೋಮವಾರ ಶುರುವಾದರೆ ಭಾನುವಾರಕ್ಕೆ ಮುಗಿದು ಸೋಮವಾರ ಸರದಿ. ಬುಧವಾರ ಶುರುವಾದರೆ ಮಂಗಳವಾರಕ್ಕೆ ಮುಗಿದು ಬುಧವಾರ ಸರದಿ. ಇಡೀ ಲೆಕ್ಕದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಇದೊಂದೇ.

ಅರ್ಜಿಯಲ್ಲಿ ‘ಯಾವತ್ತಿನವರೆಗೆ’ ಎನ್ನುವ ಜಾಗಕ್ಕೆ ಬರಬೇಕಾದದ್ದು ಹಾಜರಾಗುವ ದಿನವಲ್ಲ, ಅದರ ಹಿಂದಿನ ದಿನ. ಶುರುವಿನ ತಾರೀಖಿಗೆ 181 ಕೂಡಿಸಿದರೆ ರಜೆಯ ಕೊನೆಯ ದಿನ, 182 ಕೂಡಿಸಿದರೆ ಹಾಜರಾಗುವ ಸರದಿಯ ದಿನ. ಅರ್ಜಿ ಪರಿಶೀಲಿಸುವಾಗ ನಾನು ಕ್ಯಾಲ್ಕುಲೇಟರ್ ತೆಗೆಯುವುದೇ ಇಲ್ಲ. ‘ಇಂದ’ ಮತ್ತು ‘ವರೆಗೆ’ ಎರಡೂ ಒಂದೇ ವಾರಕ್ಕೆ ಬಿದ್ದಿದ್ದರೆ ಒಂದು ದಿನ ಹೆಚ್ಚಾಗಿದೆ ಎಂದು ತಕ್ಷಣ ತಿಳಿಯುತ್ತದೆ. ‘ವರೆಗೆ’ ಎನ್ನುವುದು ಯಾವಾಗಲೂ ‘ಇಂದ’ದ ಹಿಂದಿನ ವಾರವಾಗಿರಬೇಕು: ಶುಕ್ರವಾರದಿಂದ ಎಂದರೆ ಗುರುವಾರದವರೆಗೆ. ಫೆಬ್ರವರಿ 29 ಬರುವ ವರ್ಷದಲ್ಲಿ ಬೆರಳೆಣಿಕೆಯಲ್ಲಿ ಒಂದು ದಿನ ತಪ್ಪಿದ್ದರೂ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಗೋಡೆಯ ಕ್ಯಾಲೆಂಡರಿನಲ್ಲೇ ನೋಡುವುದಾದರೆ 13 ವಾರದಂತೆ ಎರಡು ಸಲ ಎಣಿಸಿ. ಏಪ್ರಿಲ್ 6, ಸೋಮವಾರದಿಂದ 13 ಸೋಮವಾರ ದಾಟಿದರೆ ಜುಲೈ 6, ಮತ್ತೆ 13 ದಾಟಿದರೆ ಅಕ್ಟೋಬರ್ 5.

ಹೆಜ್ಜೆ 3: ಸರದಿಯ ದಿನ ಕೆಲಸದ ದಿನವೇ ಎಂದು ನೋಡಿ

ಹಾಜರಾಗುವ ಸರದಿಯ ದಿನ ಕಚೇರಿ ತೆರೆದಿದ್ದರೆ ಅಂದೇ ಹೋಗಬೇಕು. ಮುಚ್ಚಿದ್ದರೆ ಅದಾದ ಮೇಲಿನ ಮೊದಲ ಕೆಲಸದ ದಿನ. ಹೀಗೆ ತುದಿಗೆ ಅಂಟಿಕೊಂಡ ದಿನಗಳು ಹೆರಿಗೆ ರಜೆಯ ಭಾಗವಲ್ಲ. ಅವು ಎಲ್ಲರಿಗೂ ಇರುವ ರಜೆ, ನಿಮಗೂ ಇದೆ ಅಷ್ಟೆ. ರಜೆಯ ಹಿಂದೆ ಮುಂದೆ ಹೀಗೆ ಸಾರ್ವತ್ರಿಕ ರಜೆ ಸೇರಿಸಿಕೊಳ್ಳುವುದನ್ನು ಕಚೇರಿಯ ಭಾಷೆಯಲ್ಲಿ ಪ್ರಿಫಿಕ್ಸ್, ಸಫಿಕ್ಸ್ ಎನ್ನುತ್ತಾರೆ. ಕೇಂದ್ರ ಸರ್ಕಾರಿ ನೌಕರರ ರಜಾ ನಿಯಮಗಳಲ್ಲಿ ಇದಕ್ಕೆ ಅವಕಾಶವನ್ನು ಬರೆದೇ ಇಟ್ಟಿದ್ದಾರೆ. ಖಾಸಗಿ ಕಂಪನಿಗಳಿಗೆ ಅನ್ವಯಿಸುವ ಹೆರಿಗೆ ಕಾಯ್ದೆ ಈ ವಿಷಯವನ್ನು ಮುಟ್ಟಿಲ್ಲ, ಅಲ್ಲಿ ಕಂಪನಿಯ ರಜಾ ನೀತಿಯೇ ನೋಡಬೇಕಾದ ಕಾಗದ.

ಶನಿವಾರ, ಭಾನುವಾರ ಎರಡೂ ರಜೆ ಇರುವ ಕಚೇರಿಯಲ್ಲಿ ಒಂದು ಮಜಾ ಇದೆ. ಒಂದೇ ವಾರಾಂತ್ಯದ ಶನಿವಾರದಿಂದ ರಜೆ ಹಾಕಿದರೂ, ಭಾನುವಾರದಿಂದ ಹಾಕಿದರೂ, ಸೋಮವಾರದಿಂದ ಹಾಕಿದರೂ ಹಾಜರಾಗುವ ದಿನ ಒಂದೇ. ಶನಿವಾರ ಶುರುವಾದರೆ ಸರದಿ ಬರುವುದು ಶನಿವಾರ, ಅಂದು ರಜೆ, ಮಾರನೇ ದಿನವೂ ರಜೆ, ಹಾಗಾಗಿ ಸೋಮವಾರ. ಸೋಮವಾರ ಶುರುವಾದರೆ ನೇರವಾಗಿ ಅದೇ ಸೋಮವಾರ. ಶನಿವಾರ ರಾತ್ರಿ ಇದ್ದಕ್ಕಿದ್ದಂತೆ ಹೆರಿಗೆಯಾಗಿ ‘ಎರಡು ದಿನ ನಷ್ಟವಾಯಿತಲ್ಲ’ ಎಂದು ಕೊರಗುವವರಿಗೆ ಇದನ್ನು ಹೇಳಬೇಕೆನಿಸುತ್ತದೆ. ಭಾನುವಾರ ಮಾತ್ರ ರಜೆ ಇರುವಲ್ಲಿ ಈ ಅನುಕೂಲ ಭಾನುವಾರಕ್ಕಷ್ಟೇ. ಶನಿವಾರ ಶುರುವಾದರೆ ಶನಿವಾರವೇ ಹಾಜರಾಗಬೇಕು.

ಹಬ್ಬದ ರಜೆಗಳಿಗೆ ಈ ಸಮತೋಲ ಇರುವುದಿಲ್ಲ. ಶುರುವಿನಲ್ಲಿ ಹಬ್ಬ ಇತ್ತು ಎಂದ ಮಾತ್ರಕ್ಕೆ 26 ವಾರ ಆದ ಮೇಲೂ ಅದೇ ವಾರ ಹಬ್ಬ ಇರಬೇಕೆಂದೇನಿಲ್ಲ. ಆದ್ದರಿಂದ ಶುರುವಿನ ತುದಿಯಲ್ಲಿ ನನ್ನ ಸಲಹೆ ಇಷ್ಟು: ಹೆರಿಗೆ ಇನ್ನೂ ಆಗಿಲ್ಲದಿದ್ದರೆ, ಕಂಪನಿ ನೀತಿ ಒಪ್ಪಿದರೆ, ಹೇಗೂ ರಜೆಯಿರುವ ದಿನದಿಂದ ಎಣಿಕೆ ಶುರು ಮಾಡಬೇಡಿ. ನೀವು ತಪ್ಪಿಸಿಕೊಳ್ಳಲಿರುವ ಮೊದಲ ಕೆಲಸದ ದಿನದಿಂದ ಶುರು ಮಾಡಿ.

ಒಂದು ಪ್ರಕರಣವನ್ನು ಪೂರ್ತಿ ಬಿಡಿಸೋಣ

2026ರ ಏಪ್ರಿಲ್ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಎರಡೂ ತುದಿಯಲ್ಲಿ ಮೂರು ಮೂರು ದಿನದ ರಜೆ ಕೂಡಿಬರುತ್ತದೆ. ಬೆಂಗಳೂರಿನ ಒಂದು ಖಾಸಗಿ ಕಚೇರಿ, ಶನಿವಾರ ಭಾನುವಾರ ರಜೆ, ಗುಡ್ ಫ್ರೈಡೇಗೂ ರಜೆ ಎಂದಿಟ್ಟುಕೊಳ್ಳಿ. ಹೆರಿಗೆಯ ಅಂದಾಜು ದಿನಾಂಕ ಮೇ 25. ಅದರಿಂದ 56 ದಿನ ಹಿಂದಕ್ಕೆ ಹೋದರೆ ಮಾರ್ಚ್ 30. ಅಂದಿನಿಂದ ಯಾವಾಗ ಬೇಕಾದರೂ ರಜೆ ಶುರು ಮಾಡಬಹುದು. ಇವರು ಏಪ್ರಿಲ್ 2, ಗುರುವಾರದವರೆಗೆ ಕೆಲಸ ಮಾಡುವುದೆಂದು ತೀರ್ಮಾನಿಸಿದ್ದಾರೆ. ಏಪ್ರಿಲ್ 3 ಗುಡ್ ಫ್ರೈಡೇ, 4 ಮತ್ತು 5 ವಾರಾಂತ್ಯ, 6 ಸೋಮವಾರ.

ಅರ್ಜಿಯಲ್ಲಿ ಏಪ್ರಿಲ್ 3ರಿಂದ ಎಂದು ಬರೆದರೆ 182ನೇ ದಿನ ಅಕ್ಟೋಬರ್ 1, ಗುರುವಾರ. ಸರದಿ ಬರುವುದು ಅಕ್ಟೋಬರ್ 2, ಶುಕ್ರವಾರ. ಅಂದು ಗಾಂಧಿ ಜಯಂತಿ. ಕರ್ನಾಟಕದಲ್ಲಿ ಕಾರ್ಖಾನೆ, ಕಂಪನಿಗಳು ಕಡ್ಡಾಯವಾಗಿ ಕೊಡಬೇಕಾದ ರಜೆಗಳಲ್ಲಿ ಅದೂ ಒಂದು. ಆಮೇಲೆ 3 ಮತ್ತು 4 ವಾರಾಂತ್ಯ. ಹಾಜರಾಗುವುದು ಅಕ್ಟೋಬರ್ 5, ಸೋಮವಾರ.

ಏಪ್ರಿಲ್ 6ರಿಂದ ಎಂದು ಬರೆದರೆ? ಕೈಯಲ್ಲೇ ಎಣಿಸಿ ನೋಡಿ. ಏಪ್ರಿಲ್‌ನಲ್ಲಿ 25 ದಿನ, ಮೇ ಮುಗಿಯುವಾಗ 56, ಜೂನ್‌ಗೆ 86, ಜುಲೈಗೆ 117, ಆಗಸ್ಟ್‌ಗೆ 148, ಸೆಪ್ಟೆಂಬರ್‌ಗೆ 178, ಇನ್ನು ನಾಲ್ಕು ದಿನ ಸೇರಿದರೆ ಅಕ್ಟೋಬರ್ 4, ಭಾನುವಾರಕ್ಕೆ 182. ಹಾಜರಾಗುವುದು ಅದೇ ಅಕ್ಟೋಬರ್ 5.

ಎರಡರಲ್ಲೂ ಒಂದೇ ದಿನ ಬಂತು, ಹಾಗಾದರೆ ಯಾವುದನ್ನು ಬರೆದರೂ ಆಯಿತಲ್ಲ ಎನಿಸುತ್ತದೆ. ನೇರವಾಗಿ ಕೆಲಸಕ್ಕೆ ಬರುವವರಿಗೆ ಹೌದು. ಆದರೆ ಹೆರಿಗೆ ರಜೆಯ ಹಿಂದೆಯೇ ಒಂದು ವಾರ ಗಳಿಕೆ ರಜೆ ಹಾಕಿಕೊಳ್ಳುವ ಯೋಚನೆ ಇದ್ದರೆ ಇವೆರಡರ ನಡುವೆ ಮೂರು ದಿನದ ವ್ಯತ್ಯಾಸ ಅಡಗಿದೆ.

ಗಳಿಕೆ ರಜೆ ಅಕ್ಟೋಬರ್ 5ರಿಂದ 9ರವರೆಗೆ, ಸೋಮವಾರದಿಂದ ಶುಕ್ರವಾರ, ಐದು ದಿನ ಎಂದುಕೊಳ್ಳಿ. ಏಪ್ರಿಲ್ 3ರಿಂದ ಶುರು ಮಾಡಿದವರಿಗೆ ಹೆರಿಗೆ ರಜೆ ಅಕ್ಟೋಬರ್ 1ಕ್ಕೆ ಮುಗಿದಿದೆ, ಗಳಿಕೆ ರಜೆ 5ಕ್ಕೆ ಶುರುವಾಗಿದೆ. ನಡುವಿನ 2, 3, 4 ಎರಡು ರಜೆಗಳ ಮಧ್ಯೆ ಸಿಕ್ಕಿಕೊಂಡವು. ಹಲವು ಕಂಪನಿಗಳಲ್ಲಿ ಹೀಗೆ ಮಧ್ಯೆ ಸಿಕ್ಕಿದ ದಿನಗಳನ್ನೂ ರಜೆಯೆಂದೇ ಎಣಿಸುವ ‘ಸ್ಯಾಂಡ್‌ವಿಚ್’ ನಿಯಮವಿದೆ. ಅಲ್ಲಿ ಖಾತೆಯಿಂದ ಹೋಗುವ ಗಳಿಕೆ ರಜೆ ಐದಲ್ಲ, ಎಂಟು. ಏಪ್ರಿಲ್ 6ರಿಂದ ಶುರು ಮಾಡಿದವರಿಗೆ ಹೆರಿಗೆ ರಜೆ ಅಕ್ಟೋಬರ್ 4ಕ್ಕೆ ಮುಗಿದು, 5ರಿಂದ ಗಳಿಕೆ ರಜೆ ಬೆನ್ನಿಗೇ ಶುರು. ಮಧ್ಯೆ ಸಿಕ್ಕಿಕೊಳ್ಳಲು ಯಾವ ದಿನವೂ ಇಲ್ಲ. ಹೋಗುವುದು ಐದೇ. ಇಬ್ಬರೂ ಕೆಲಸಕ್ಕೆ ಬರುವುದು ಅಕ್ಟೋಬರ್ 12ಕ್ಕೆ; ಒಬ್ಬರ ಖಾತೆಯಲ್ಲಿ ಮೂರು ದಿನ ಕಡಿಮೆ ಇರುತ್ತದೆ. ಆರು ತಿಂಗಳ ಹಿಂದೆ ಅರ್ಜಿಯಲ್ಲಿ ಬರೆದ ಒಂದು ತಾರೀಖಿನ ಫಲ ಇದು.

ಇನ್ನೂ ಒಂದು ಸಾಧ್ಯತೆ. ಗುರುವಾರ ಏಪ್ರಿಲ್ 2ರಂದೇ ರಜೆ ಶುರು ಮಾಡಿದ್ದರೆ ಕೊನೆಯ ದಿನ ಸೆಪ್ಟೆಂಬರ್ 30, ಸರದಿ ಅಕ್ಟೋಬರ್ 1, ಗುರುವಾರ. ಅಂದು ಕಚೇರಿ ತೆರೆದಿರುತ್ತದೆ. ಒಂದು ದಿನ ಬಂದು ಹೋಗಿ, ಮತ್ತೆ ಮೂರು ದಿನ ರಜೆ. ಎಳೆ ಮಗುವನ್ನು ಬಿಟ್ಟು ಒಂದೇ ದಿನಕ್ಕೆ ಯಾಕೆ ಹೋಗುವುದು ಎಂದು ‘ಹೇಗೂ ಸೋಮವಾರದಿಂದ ಬರುತ್ತೇನಲ್ಲ’ ಎನ್ನುವವರಿದ್ದಾರೆ. ಆ ಗುರುವಾರಕ್ಕೆ ರಜೆ ಮಂಜೂರಾಗಿರದಿದ್ದರೆ ಅದು ಅನುಮತಿಯಿಲ್ಲದ ಗೈರುಹಾಜರಿ. ಕೆಲವು ಕಡೆ ಗೈರಿನ ಹಿಂದೆ ಬರುವ ಶುಕ್ರ, ಶನಿ, ಭಾನುವಾರಗಳ ಸಂಬಳಕ್ಕೂ ಕತ್ತರಿ ಬೀಳುತ್ತದೆ. ಮೊದಲೇ ಒಂದು ದಿನದ ಗಳಿಕೆ ರಜೆ ಮಂಜೂರು ಮಾಡಿಸಿಕೊಂಡರೆ ಈ ತಕರಾರು ಏಳುವುದಿಲ್ಲ: ಹೆರಿಗೆ ರಜೆಗೆ ತಾಗಿಕೊಂಡೇ ಗುರುವಾರದ ರಜೆ ಬರುತ್ತದೆ, ಆಮೇಲಿನ ಮೂರು ದಿನದ ಆಚೆ ಬದಿಯಲ್ಲಿ ಇರುವುದು ಕೆಲಸದ ದಿನ, ಇನ್ನೊಂದು ರಜೆಯಲ್ಲ.

ಸರ್ಕಾರಿ ನೌಕರರು 182 ಎಣಿಸಬೇಡಿ

ರಾಜ್ಯ ಮತ್ತು ಕೇಂದ್ರ ಸರ್ಕಾರಿ ನೌಕರರಿಗೆ ಅವರವರ ಸೇವಾ ನಿಯಮದಂತೆ ಸಿಗುವುದು 180 ದಿನ. ಎರಡೇ ದಿನದ ವ್ಯತ್ಯಾಸ ಎನಿಸಿದರೂ ‘ಅದೇ ವಾರ’ದ ಸೂತ್ರ ಇಲ್ಲಿ ಮುರಿದುಬೀಳುತ್ತದೆ, ಏಕೆಂದರೆ 180ರಲ್ಲಿ 25 ವಾರ ಹೋಗಿ ಐದು ದಿನ ಉಳಿಯುತ್ತದೆ. ಸೋಮವಾರ ಶುರುವಾದ ರಜೆ ಶುಕ್ರವಾರಕ್ಕೆ ಮುಗಿಯುತ್ತದೆ, ಸರದಿ ಬರುವುದು ಶನಿವಾರ.

ಮೇಲಿನ ತಾರೀಖನ್ನೇ ಹಿಡಿದರೆ, ಏಪ್ರಿಲ್ 6ರಿಂದ 180ನೇ ದಿನ ಅಕ್ಟೋಬರ್ 2. ಸರದಿ ಅಕ್ಟೋಬರ್ 3, ಶನಿವಾರ. ವಾರಕ್ಕೆ ಐದು ದಿನ ಕೆಲಸವಿರುವ ಕೇಂದ್ರದ ಕಚೇರಿಯಲ್ಲಿದ್ದವರು ಸೋಮವಾರ ಬರುತ್ತಾರೆ. ರಾಜ್ಯ ಸರ್ಕಾರಿ ಕಚೇರಿಗಳಿಗೆ ರಜೆ ಇರುವುದು ಎರಡನೇ ಮತ್ತು ನಾಲ್ಕನೇ ಶನಿವಾರ. ಅಕ್ಟೋಬರ್ 3 ಆ ತಿಂಗಳ ಮೊದಲ ಶನಿವಾರ. ಹಾಗಾಗಿ ರಾಜ್ಯ ನೌಕರರು ಗಾಂಧಿ ಜಯಂತಿಯ ಮಾರನೇ ದಿನವೇ ಹಾಜರಾಗಬೇಕು. ಖಾಸಗಿ ಕಂಪನಿಯಲ್ಲಿರುವ ಅಕ್ಕನ ಲೆಕ್ಕವನ್ನು ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುವ ತಂಗಿ ಹಾಗೆಯೇ ನಕಲು ಮಾಡಿದರೆ ಎಡವುವುದು ಇಲ್ಲೇ.

ಕಂಪ್ಯೂಟರಿನಲ್ಲಿ ಹಾಕಿ ನೋಡುವುದಾದರೆ

ಎಕ್ಸೆಲ್‌ನಲ್ಲಿ `A2` ಜಾಗಕ್ಕೆ ರಜೆಯ ಮೊದಲ ದಿನ ಹಾಕಿ, `F2`ರಿಂದ ಕೆಳಕ್ಕೆ ಕಚೇರಿಯ ರಜಾಪಟ್ಟಿಯ ತಾರೀಖುಗಳನ್ನು ಹಾಕಿ. ಮುಂದಿನ ಮೂರು ಸಾಲುಗಳು ಕ್ರಮವಾಗಿ ಕೊನೆಯ ದಿನ, ಸರದಿಯ ದಿನ ಮತ್ತು ನಿಜವಾಗಿ ಹಾಜರಾಗುವ ದಿನವನ್ನು ಕೊಡುತ್ತವೆ.

```
=A2+181
=A2+182
=WORKDAY.INTL(A2+181,1,1,$F$2:$F$20)
```

ಮೂರನೇ ಸಾಲಿನಲ್ಲಿ ಎರಡನೇ ಬಾರಿ ಬರುವ `1` ಶನಿವಾರ-ಭಾನುವಾರ ರಜೆ ಎನ್ನುವುದರ ಗುರುತು. ಭಾನುವಾರ ಮಾತ್ರ ರಜೆಯಿದ್ದರೆ ಅದರ ಜಾಗದಲ್ಲಿ `11` ಹಾಕಿ. ಎರಡನೇ, ನಾಲ್ಕನೇ ಶನಿವಾರಗಳ ಪದ್ಧತಿ ಇರುವಲ್ಲಿಯೂ `11` ಇಟ್ಟುಕೊಂಡು, ಆ ಶನಿವಾರಗಳನ್ನು ರಜಾಪಟ್ಟಿಯಲ್ಲೇ ಸೇರಿಸಿಬಿಡುವುದು ಸುಲಭ.

ಉತ್ತರ ವಿಚಿತ್ರವಾಗಿ ಬಂದರೆ ಮೊದಲು ಅನುಮಾನಿಸಬೇಕಾದದ್ದು ತಾರೀಖಿನ ನಮೂನೆಯನ್ನು. ಕಂಪ್ಯೂಟರ್ ಅಮೆರಿಕದ ಕ್ರಮದಲ್ಲಿದ್ದರೆ 06/04/2026 ಎಂಬುದನ್ನು ಏಪ್ರಿಲ್ 6 ಎನ್ನದೆ ಜೂನ್ 4 ಎಂದು ಓದುತ್ತದೆ. `=DATE(2026,4,6)` ಎಂದು ಬರೆದರೆ ಆ ಗೊಂದಲ ಇಲ್ಲ. ಪಕ್ಕದಲ್ಲಿ `=TEXT(A2,"dddd")` ಹಾಕಿ ವಾರದ ಹೆಸರನ್ನೂ ಒಮ್ಮೆ ನೋಡಿಕೊಳ್ಳಿ.

ಕಂಪನಿಯ ರಜಾ ತಂತ್ರಾಂಶದಲ್ಲಿ ಇನ್ನೊಂದು ಬಗೆಯ ತಪ್ಪು ಆಗುತ್ತದೆ. ಗಳಿಕೆ ರಜೆಗೆಂದು ವಾರಾಂತ್ಯ ಬಿಟ್ಟು ಎಣಿಸುವಂತೆ ಮಾಡಿದ ವ್ಯವಸ್ಥೆಯನ್ನೇ ಹೆರಿಗೆ ರಜೆಗೂ ಬಿಟ್ಟಿರುತ್ತಾರೆ. ಅಲ್ಲಿ 182 ದಿನ ಎಂದು ಹಾಕಿದರೆ 182 ಕೆಲಸದ ದಿನ ಎಂದು ತಿಳಿದು, ಎಂಟು ತಿಂಗಳಿಗೂ ಮೀರಿದ ತಾರೀಖು ತೋರಿಸುತ್ತದೆ. ನಾನು ಹಿಂದೆ ಇದ್ದ ಒಂದು ಕಡೆ ಹೀಗೆ ಬಂದ ತಾರೀಖನ್ನು ಯಾರೂ ತಿರುಗಿ ನೋಡಲಿಲ್ಲ. ಪರದೆಯ ಮೇಲೆ ಹಸಿರು ಗುರುತು ಬಿದ್ದಿದೆ ಎಂದು ನಂಬಿದ ಆ ಸಹೋದ್ಯೋಗಿಯಿಂದ ಆಮೇಲೆ ಹೆಚ್ಚುವರಿ ವಾರಗಳ ಸಂಬಳವನ್ನು ಕಂತುಗಳಲ್ಲಿ ವಾಪಸು ಹಿಡಿಯಬೇಕಾಯಿತು. ತಪ್ಪು ನಮ್ಮ ವಿಭಾಗದ್ದು, ಅನುಭವಿಸಿದವರು ಅವರು. ‘ವರೆಗೆ’ ತಾರೀಖು ‘ಇಂದ’ದ ಹಿಂದಿನ ವಾರಕ್ಕೆ ಬೀಳುತ್ತಿದೆಯೇ, ಸುಮಾರು ಆರು ತಿಂಗಳ ಆಸುಪಾಸಿನಲ್ಲಿದೆಯೇ ಎಂದು ಎರಡನ್ನೂ ನೋಡಿದರೆ ಇದು ಅರ್ಜಿ ಹಾಕುವ ದಿನವೇ ಕಣ್ಣಿಗೆ ಬೀಳುತ್ತದೆ.

ಅರ್ಜಿಯಲ್ಲಿ ಹೇಗೆ ಬರೆಯುವುದು

ತುದಿಗೆ ಅಂಟಿದ ರಜಾದಿನಗಳನ್ನು ಬಾಯಿಮಾತಿಗೆ ಬಿಡಬೇಡಿ. ಆರು ತಿಂಗಳಲ್ಲಿ ಮ್ಯಾನೇಜರ್ ಬದಲಾಗಬಹುದು, ಎಚ್‌ಆರ್‌ನಲ್ಲಿ ಮಾತಾಡಿದವರು ಬೇರೆ ಕಡೆ ಹೋಗಿರಬಹುದು. ರಜೆಯ ಅವಧಿ, ಅದರ ಹಿಂದೆ ಮುಂದೆ ಇರುವ ರಜಾದಿನ, ಹಾಜರಾಗುವ ದಿನ ಮೂರನ್ನೂ ಬೇರೆ ಬೇರೆಯಾಗಿ ಬರೆಯಿರಿ. ಹೀಗೆ:

“2026ರ ಏಪ್ರಿಲ್ 6, ಸೋಮವಾರದಿಂದ ಅಕ್ಟೋಬರ್ 4, ಭಾನುವಾರದವರೆಗೆ ಒಟ್ಟು 182 ದಿನಗಳ (26 ವಾರ) ಹೆರಿಗೆ ರಜೆಯನ್ನು ಮಂಜೂರು ಮಾಡಬೇಕಾಗಿ ಕೋರುತ್ತೇನೆ. ಏಪ್ರಿಲ್ 3ರ ಗುಡ್ ಫ್ರೈಡೇ ಮತ್ತು ಏಪ್ರಿಲ್ 4, 5ರ ವಾರದ ರಜೆಗಳನ್ನು ಈ ರಜೆಯ ಹಿಂದೆ ಸೇರಿಸಿಕೊಳ್ಳಲು ಅನುಮತಿ ನೀಡಬೇಕು. ಅಕ್ಟೋಬರ್ 5, ಸೋಮವಾರ ಕೆಲಸಕ್ಕೆ ಹಾಜರಾಗುತ್ತೇನೆ.”

ವಾರದ ಹೆಸರನ್ನು ತಾರೀಖಿನ ಜೊತೆಗೇ ಬರೆಯುವುದು ಶೋಕಿಗಲ್ಲ. ಅಂಕಿ ತಪ್ಪಿ ಬಿದ್ದರೂ ವಾರದ ಹೆಸರು ಅದನ್ನು ಹಿಡಿದುಕೊಡುತ್ತದೆ. ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ರಜೆಯ ಹಣ ಕೊಡುವುದು ನಿಗಮ, ಕಂಪನಿಯಲ್ಲ. ಅಲ್ಲಿಗೆ ಕೊಡುವ ಕಾಗದದಲ್ಲೂ ಕಂಪನಿಯ ಅರ್ಜಿಯಲ್ಲೂ ಮೊದಲ ದಿನ ಒಂದೇ ಇರಬೇಕು.

ಹೆರಿಗೆಯಿಂದ ಅಥವಾ ಗರ್ಭಾವಸ್ಥೆಯಿಂದ ಬಂದ ಕಾಯಿಲೆಗೆ, ವೈದ್ಯರ ಪ್ರಮಾಣಪತ್ರ ಇದ್ದರೆ, ಹೆಚ್ಚೆಂದರೆ ಇನ್ನೂ ಒಂದು ತಿಂಗಳ ರಜೆಗೆ ಕಾಯ್ದೆಯಲ್ಲೇ ಅವಕಾಶವಿದೆ. ಅದನ್ನು ಕೇಳುವಾಗ ಶುರುವಿನ ತಾರೀಖನ್ನು ಹೆರಿಗೆ ರಜೆ ಮುಗಿದ ಮಾರನೇ ದಿನಕ್ಕೇ ಇಡಿ, ಅದು ಭಾನುವಾರವಾಗಿದ್ದರೂ ಸರಿ. ಎರಡರ ನಡುವೆ ಬಿರುಕು ಬಿಟ್ಟರೆ ಆ ದಿನಗಳು ಯಾವ ಲೆಕ್ಕಕ್ಕೆ ಎನ್ನುವ ಪ್ರಶ್ನೆ ಮತ್ತೆ ಏಳುತ್ತದೆ.

ವರ್ಷ ದಾಟುವ ರಜೆ

ಜುಲೈನ ಮೊದಲ ದಿನಗಳು ಕಳೆದ ಮೇಲೆ ಶುರುವಾಗುವ ರಜೆ ಮುಗಿಯುವುದು ಮುಂದಿನ ವರ್ಷದಲ್ಲಿ. ಅರ್ಜಿ ಹಾಕುವ ಹೊತ್ತಿಗೆ ಆ ವರ್ಷದ ರಜಾಪಟ್ಟಿ ಕಚೇರಿಯಲ್ಲಿ ಹೊರಟಿರುವುದಿಲ್ಲ. ಜನವರಿ 26, ಮೇ 1 ಇಂಥವು ಗೊತ್ತಿದ್ದದ್ದೇ. ಸಂಕ್ರಾಂತಿ, ಶಿವರಾತ್ರಿ, ಯುಗಾದಿಗಳಲ್ಲಿ ಯಾವುದಕ್ಕೆ ರಜೆ ಕೊಡುತ್ತಾರೆ, ಯಾವುದನ್ನು ಬಿಡುತ್ತಾರೆ ಎನ್ನುವುದು ಪಟ್ಟಿ ಬಂದ ಮೇಲೆಯೇ ತಿಳಿಯುವುದು. ರಜೆಯ ಕೊನೆಯ ದಿನ ಅದರಿಂದ ಬದಲಾಗದು, ಹಾಜರಾಗುವ ದಿನ ಬದಲಾಗಬಹುದು. ಅರ್ಜಿಯಲ್ಲಿ ‘ರಜೆ ಮುಗಿದ ನಂತರದ ಮೊದಲ ಕೆಲಸದ ದಿನ’ ಎಂದು ಬರೆದು, ಹೊಸ ಪಟ್ಟಿ ಬಂದಾಗ ಒಂದು ಇಮೇಲ್‌ನಲ್ಲಿ ತಾರೀಖು ಖಚಿತಪಡಿಸಿಕೊಳ್ಳಿ.

ಆಸ್ಪತ್ರೆ, ಕಾಲ್ ಸೆಂಟರ್, ಗಾರ್ಮೆಂಟ್ಸ್‌ಗಳಲ್ಲಿ ಪಾಳಿಯ ಮೇಲೆ ವಾರದ ರಜೆ ತಿರುಗುತ್ತಿದ್ದರಂತೂ ಕ್ಯಾಲೆಂಡರ್ ನೋಡಿ ಪ್ರಯೋಜನವಿಲ್ಲ. ಆರು ತಿಂಗಳ ಹಿಂದೆ ನಿಮಗೆ ಮಂಗಳವಾರ ರಜೆ ಇದ್ದಿರಬಹುದು, ಈಗಿನ ಪಾಳಿಪಟ್ಟಿಯಲ್ಲಿ ಅದು ಶುಕ್ರವಾರಕ್ಕೆ ಹೋಗಿರಬಹುದು. ಸರದಿಯ ದಿನಕ್ಕೆ ಹತ್ತು ದಿನ ಇರುವಾಗ ಮೇಲ್ವಿಚಾರಕರಿಗೆ ಫೋನ್ ಮಾಡಿ, ಆ ವಾರದ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ದಿನ, ಯಾವ ಪಾಳಿಗೆ ಬಿದ್ದಿದೆ ಎಂದು ಕೇಳಿ. ಹೆಸರೇ ಇಲ್ಲವೆಂದರೆ, ನಿಮ್ಮ ರಜೆ ಮುಗಿಯುವ ತಾರೀಖು ಪಾಳಿ ಹಾಕುವವರ ಕೈಗೆ ಇನ್ನೂ ತಲುಪಿಲ್ಲ ಎಂದರ್ಥ. ಮಂಜೂರಾದ ಅರ್ಜಿಯ ಪ್ರತಿಯನ್ನು ಆಗಲೇ ಅವರಿಗೆ ಕಳುಹಿಸಿಬಿಡಿ.